ಸಿಎಫ್‌ಐ 0.91 ಅನ್ನುವ ನಂಬರ್ ಯಾವುದರ ಬಗ್ಗೆ ಮಾತಾಡುತ್ತಿದೆ?

ಪ್ರಶ್ನೆ: ಎಂಎ ಕೊನೆಯ ವರ್ಷದಲ್ಲಿದ್ದೇನೆ. ಕೆಲಸದ ಒತ್ತಡದಿಂದ ಬಳಲಿಕೆ, ಬಳಲಿಕೆಯಿಂದ ಕೆಲಸ ಬಿಡುವ ಮನಸ್ಸು, ಇದು ನನ್ನ ಥೀಸಿಸ್. 280 ಜನ, 11 ಪ್ರಶ್ನೆ, ಮೂರು ಲೇಟೆಂಟ್ ವೇರಿಯಬಲ್. ಕೈ-ಸ್ಕ್ವೇರ್ 123, ಡಿಎಫ್ 41, ಸಿಎಫ್‌ಐ 0.91, ಟಿಎಲ್‌ಐ 0.88, ಆರ್‌ಎಂಎಸ್‌ಇಎ 0.085, ಎಸ್‌ಆರ್‌ಎಂಆರ್ 0.055. ಸಿಎಫ್‌ಐ 0.95 ದಾಟಲೇಬೇಕು ಅಂತ ಗೈಡ್ ಹೇಳುತ್ತಾರೆ. ಮಾಡಿಫಿಕೇಶನ್ ಇಂಡೆಕ್ಸ್ ತೋರಿಸಿದ್ದನ್ನೆಲ್ಲ ಸೇರಿಸುತ್ತಾ ಹೋದರೆ ದಾಟುತ್ತದೆ. ಹಾಗೆ ಮಾಡಬಹುದಾ? ದಾಟಿದರೆ ನನ್ನ ಥಿಯರಿ ಸರಿ ಅಂತ ಬರೆಯಬಹುದಾ? ಪ್ರಶ್ನಾವಳಿ, ಕೋವೇರಿಯನ್ಸ್ ಟೇಬಲ್ ಜೊತೆಗಿಟ್ಟಿದ್ದೇನೆ.

ಉತ್ತರ: ಎಲ್ಲವನ್ನೂ ಸೇರಿಸಬೇಡಿ. ಒಂದನ್ನು ಮಾತ್ರ ಸೇರಿಸಬಹುದು, ಅದಕ್ಕೆ ಕಾರಣ ನಿಮ್ಮ ಪ್ರಶ್ನಾವಳಿಯಲ್ಲೇ ಇದೆ. ಎರಡನೇ ಪ್ರಶ್ನೆಗೆ ಉತ್ತರ ಇಲ್ಲ ಅಂತಲೇ. ಸಿಎಫ್‌ಐ 0.99 ಬಂದರೂ ಹಾಗೆ ಬರೆಯಲು ಬರುವುದಿಲ್ಲ. ಯಾಕೆ ಅಂತ ನಿಮ್ಮ ನಂಬರುಗಳಲ್ಲೇ ತೋರಿಸುತ್ತೇನೆ.

ಟೇಬಲ್ ಕಳಿಸಿದ್ದು ಒಳ್ಳೆಯದಾಯಿತು. ನೀವು ಬಳಸಿದ ಎಸ್‌ಇಎಂಗೆ, ಅಂದರೆ ಸ್ಟ್ರಕ್ಚರಲ್ ಈಕ್ವೇಶನ್ ಮಾಡೆಲಿಂಗ್ ವಿಧಾನಕ್ಕೆ, 280 ಜನರ ಒಂದೊಂದು ಉತ್ತರವೂ ಬೇಕಾಗಿಲ್ಲ. ಸಾಧಾರಣ ಲೆಕ್ಕಕ್ಕೆ ಕೋವೇರಿಯನ್ಸ್ ಟೇಬಲ್ ಮತ್ತು ಜನರ ಸಂಖ್ಯೆ ಇದ್ದರೆ ಸಾಕು. ನಾನೂ ಅದನ್ನೇ ಇಟ್ಟುಕೊಂಡು ಓಡಿಸಿದೆ. ಮೊದಲು ನಿಮ್ಮ ಬಾಣಗಳನ್ನೆಲ್ಲ, ಅಂದರೆ ಯಾವುದರಿಂದ ಯಾವುದು ಆಗುತ್ತದೆ ಅಂತ ತೋರಿಸುವ ಗೆರೆಗಳನ್ನು, ಕಿತ್ತುಹಾಕಿದೆ. ಒತ್ತಡ, ಬಳಲಿಕೆ, ಕೆಲಸ ಬಿಡುವ ಮನಸ್ಸು, ಈ ಮೂರರ ನಡುವೆ ಸುಮ್ನೆ ಪರಸ್ಪರ ಸಂಬಂಧ ಇರಲಿ ಅಂತ ಬಿಟ್ಟೆ. ಕೈ-ಸ್ಕ್ವೇರ್ ಎಷ್ಟು ಬಂತು ಗೊತ್ತಾ? ಅದೇ 123. ಡಿಎಫ್ ಅದೇ 41. ನಿಮ್ಮ ಥಿಯರಿಯ ಬಾಣ ಇದ್ದರೂ ಇಲ್ಲದಿದ್ದರೂ ಫಿಟ್ ಒಂದು ಕೂದಲೆಳೆಯಷ್ಟೂ ಬದಲಾಗಲಿಲ್ಲ. ಇದು ಅರ್ಥವಾದರೆ ಉಳಿದದ್ದು ಸುಲಭ.

ಮೊದಲು ಲೇಟೆಂಟ್ ವೇರಿಯಬಲ್ ಅಂದರೆ ಏನು ಅಂತ ನೋಡೋಣ. ಬಳಲಿಕೆಯನ್ನು ನೀವು ಅಳೆದಿಲ್ಲ. ನೀವು ಅಳೆದದ್ದು ನಾಲ್ಕು ಪ್ರಶ್ನೆಗಳಿಗೆ ಬಂದ ಉತ್ತರ. ಈ ನಾಲ್ಕು ಉತ್ತರಗಳು ಒಟ್ಟಿಗೆ ಏರುತ್ತವೆ, ಒಟ್ಟಿಗೆ ಇಳಿಯುತ್ತವೆ. ಯಾಕೆ? ಹಿಂದೆ ಕಾಣದ ಒಂದು ಸಂಗತಿ ಇದೆ, ಅದೇ ಇವನ್ನೆಲ್ಲ ಏರಿಸುತ್ತಿದೆ, ಇಳಿಸುತ್ತಿದೆ ಅನ್ನುವುದು ಮಾದರಿಯ ವಾದ. ಆ ಕಾಣದ ಸಂಗತಿಯೇ ಲೇಟೆಂಟ್ ವೇರಿಯಬಲ್. ನಾಲ್ಕು ಉತ್ತರಗಳ ಸರಾಸರಿ ಬೇರೆ, ಇದು ಬೇರೆ. ಪ್ರತಿ ಪ್ರಶ್ನೆಗೂ ಅದರದೇ ಆದ ಒಂದಿಷ್ಟು ಗದ್ದಲ ಇರುತ್ತದೆ. ಪದಗಳ ಆಯ್ಕೆ, ಓದುವವರ ಮೂಡು, ಗಮನ ತಪ್ಪುವುದು, ಇಂಥದ್ದು. ಸರಾಸರಿ ತೆಗೆದರೆ ಆ ಗದ್ದಲವೂ ಒಳಗೇ ಉಳಿಯುತ್ತದೆ. ಲೇಟೆಂಟ್ ವೇರಿಯಬಲ್‌ನಲ್ಲಿ ಎಲ್ಲ ಪ್ರಶ್ನೆಗಳೂ ಹಂಚಿಕೊಂಡ ಭಾಗ ಒಂದು ಕಡೆ, ಪ್ರತಿ ಪ್ರಶ್ನೆಯ ಸ್ವಂತ ಭಾಗ ಇನ್ನೊಂದು ಕಡೆ ಬೇರ್ಪಡುತ್ತದೆ. ಈ ಸ್ವಂತ ಭಾಗಕ್ಕೆ ಎರರ್ ಅನ್ನುತ್ತಾರೆ.

ಈ ವಾದಕ್ಕೆ ಒಂದು ಗಟ್ಟಿ ಪರಿಣಾಮ ಇದೆ. ಎರಡು ಪ್ರಶ್ನೆಗಳಿಗೆ ಸಂಬಂಧ ಬರುವುದು ಆ ಕಾಣದ ಸಂಗತಿಯ ಮೂಲಕ ಮಾತ್ರ ಅಂತಾದರೆ, ಅವುಗಳ ಕೋರಿಲೇಶನ್ ಎಷ್ಟಿರಬೇಕು ಅಂತ ಮೊದಲೇ ಹೇಳಬಹುದು. ಲೋಡಿಂಗ್ ಅಂದರೆ ಆ ಕಾಣದ ಸಂಗತಿಗೂ ಒಂದು ಪ್ರಶ್ನೆಗೂ ಇರುವ ಸಂಬಂಧದ ಬಲ. ಸ್ಟ್ಯಾಂಡರ್ಡೈಸ್ ಮಾಡಿದ ಎರಡು ಲೋಡಿಂಗ್‌ಗಳನ್ನು ಗುಣಿಸಿದರೆ ಆಯಿತು. ಒಂದರ ಲೋಡಿಂಗ್ 0.6, ಇನ್ನೊಂದರದು 0.7 ಇದ್ದರೆ ಕೋರಿಲೇಶನ್ 0.42 ಇರಬೇಕು. ಡೇಟಾದಲ್ಲಿ 0.43 ಇದ್ದರೆ ವಾದ ನಿಲ್ಲುತ್ತದೆ. 0.60 ಇದ್ದರೆ ಆ ಎರಡು ಪ್ರಶ್ನೆಗಳ ನಡುವೆ ನೀವು ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೇನೋ ಇದೆ. ಎಸ್‌ಇಎಂನ ಫಿಟ್ ಅಂದರೆ ಮೂಲದಲ್ಲಿ ಇಷ್ಟೇ. ಮಾದರಿ ಹೇಳುವ ಟೇಬಲ್ ಒಂದು, ಡೇಟಾದ ಟೇಬಲ್ ಇನ್ನೊಂದು. ಎರಡನ್ನೂ ಪಕ್ಕಪಕ್ಕ ಇಟ್ಟು ಎಷ್ಟು ದೂರ ಇವೆ ಅಂತ ನೋಡುವುದು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಎಲ್ಲ ಪರಿಕಲ್ಪನೆಗೂ ಈ ವಾದ ಹೊಂದುವುದಿಲ್ಲ. ‘ಕಳೆದ ವರ್ಷ ಎದುರಾದ ಕಷ್ಟಗಳು’ ಅಂತ ಒಂದು ಅಳತೆ ಇಟ್ಟುಕೊಳ್ಳಿ. ಕಾಯಿಲೆ, ಮನೆ ಬದಲಾವಣೆ, ಸಾಲ ಅದರಲ್ಲಿ ಬರುತ್ತವೆ. ಇಲ್ಲಿ ಕಷ್ಟ ಅನ್ನುವ ಕಾಣದ ಸಂಗತಿ ಕಾಯಿಲೆಯನ್ನೂ ಸಾಲವನ್ನೂ ಹುಟ್ಟಿಸುವುದಿಲ್ಲ. ಅವೆಲ್ಲ ಸೇರಿ ಕಷ್ಟವಾಗುತ್ತದೆ, ಬಾಣ ಉಲ್ಟಾ. ನಿಮ್ಮ ಮೂರೂ ಪರಿಕಲ್ಪನೆಗಳಿಗೆ ಈ ತೊಂದರೆ ಇಲ್ಲ. ಆದರೆ ಒತ್ತಡದ ಪ್ರಶ್ನೆಗಳನ್ನು ಈ ಕಣ್ಣಿನಿಂದ ಒಮ್ಮೆ ಓದಿ.

ಈಗ ಡಿಎಫ್ 41 ಎಲ್ಲಿಂದ ಬಂತು ಅಂತ ಕೈಯಲ್ಲೇ ಎಣಿಸಿ. ವೈವಾದಲ್ಲಿ ಇದನ್ನು ಕೇಳುವವರು ಇರುತ್ತಾರೆ. 11 ಪ್ರಶ್ನೆಗಳಿದ್ದರೆ ಟೇಬಲ್‌ನಲ್ಲಿ ಒಂದೇ ಸಲ ಬರುವ ಸಂಖ್ಯೆಗಳು 11 ಗುಣಿಸು 12, ಭಾಗಿಸು 2, ಅಂದರೆ 66. ಇದು ನಿಮ್ಮ ಬಂಡವಾಳ. ಇನ್ನು ಖರ್ಚು. ಲೋಡಿಂಗ್ 11 ಇವೆ, ಆದರೆ ಲೇಟೆಂಟ್ ವೇರಿಯಬಲ್‌ಗೆ ತನ್ನದೇ ಆದ ಅಳತೆಗೋಲು ಇಲ್ಲ. ಹಾಗಾಗಿ ಪ್ರತಿಯೊಂದರಲ್ಲೂ ಒಂದು ಲೋಡಿಂಗನ್ನು 1 ಅಂತ ಕಟ್ಟಿಹಾಕುತ್ತೇವೆ. ಉಳಿದದ್ದು 8. ಎರರ್ ವೇರಿಯನ್ಸ್ 11. ಲೇಟೆಂಟ್‌ಗಳ ವೇರಿಯನ್ಸ್ 3, ಅವುಗಳ ನಡುವಿನ ಸಂಬಂಧ 3. ಒಟ್ಟು 25. 66ರಲ್ಲಿ 25 ಕಳೆದರೆ 41.

ನೀವು ಬಾಣ ಹಾಕಿದಾಗ ಆದದ್ದೇನು? ಆ ಮೂರು ಸಂಬಂಧಗಳ ಜಾಗದಲ್ಲಿ ಮೂರು ಬಾಣ ಬಂದವು. ಒತ್ತಡದಿಂದ ಬಳಲಿಕೆಗೆ ಒಂದು, ಬಳಲಿಕೆಯಿಂದ ಬಿಡುವ ಮನಸ್ಸಿಗೆ ಒಂದು, ಒತ್ತಡದಿಂದ ನೇರವಾಗಿ ಬಿಡುವ ಮನಸ್ಸಿಗೆ ಇನ್ನೊಂದು. ಮೂರು ಹೋಗಿ ಮೂರು ಬಂತು. ಖರ್ಚು ಅಷ್ಟೇ. ಬಾಣಗಳ ಭಾಗದಲ್ಲಿ ಮಾದರಿ ಯಾವ ಪಂಥವನ್ನೂ ಕಟ್ಟಿಲ್ಲ, ಹಾಗಾಗಿ ಸೋಲಲು ಸಾಧ್ಯವೇ ಇಲ್ಲ. 41 ಡಿಎಫ್‌ಗಳೂ ಪ್ರಶ್ನೆಗಳು ಮತ್ತು ಲೇಟೆಂಟ್‌ಗಳ ನಡುವಿನ ವಾದದ್ದು. ಅಂದರೆ ನಿಮ್ಮ 0.91 ಮಾತಾಡುತ್ತಿರುವುದು ಪ್ರಶ್ನಾವಳಿಯ ಬಗ್ಗೆ, ಥಿಯರಿಯ ಬಗ್ಗೆ ಅಲ್ಲ. ರಿಪೇರಿ ಬೇಕಾಗಿದ್ದರೆ ಅದೂ ಅಲ್ಲೇ.

ಹಾಗಾದರೆ ಈ ನಾಲ್ಕೈದು ನಂಬರುಗಳು ಏನು ಹೇಳುತ್ತಿವೆ? ಎಲ್ಲಕ್ಕೂ ತಾಯಿ ಕೈ-ಸ್ಕ್ವೇರ್. ಮಾದರಿ ಪೂರ್ತಿ ಸರಿ ಇದ್ದರೆ ಅದು ಡಿಎಫ್‌ನ ಆಸುಪಾಸಿನಲ್ಲಿ ಬರುತ್ತದೆ. ನಿಮಗೆ ಸುಮಾರು 41 ಬರಬೇಕಿತ್ತು, ಒಂಬತ್ತು ಆಚೀಚೆ. ಬಂದದ್ದು 123. 82 ಜಾಸ್ತಿ. ಈ 82 ಅನ್ನು ನೆನಪಿಡಿ, ಮುಂದೆಲ್ಲ ಇದೇ ಬರುತ್ತದೆ.

‘ಕೈ-ಸ್ಕ್ವೇರ್ ದೊಡ್ಡ ಸ್ಯಾಂಪಲ್‌ಗೆ ಸೂಕ್ಷ್ಮ, ಆದ್ದರಿಂದ ಬಿಟ್ಟಿದ್ದೇವೆ’ ಅನ್ನುವ ವಾಕ್ಯ ಪ್ರತಿ ಥೀಸಿಸ್‌ನಲ್ಲೂ ಇರುತ್ತದೆ. ಅರ್ಧ ನಿಜ. ನಿಮ್ಮಲ್ಲಿ ಒಬ್ಬ ವ್ಯಕ್ತಿಗೆ 82 ಭಾಗಿಸು 280, ಅಂದರೆ ಸುಮಾರು 0.29ರಷ್ಟು ತಪ್ಪು ಇದೆ. ಇದೇ ತಪ್ಪು 50 ಜನರ ಡೇಟಾದಲ್ಲಿದ್ದರೆ ಕೈ-ಸ್ಕ್ವೇರ್ ಸರಾಸರಿ 56ರ ಹತ್ತಿರ ಬರುತ್ತದೆ. 41 ಡಿಎಫ್‌ಗೆ 5 ಶೇಕಡಾ ಮಟ್ಟದ ಗಡಿ 56.9. ಎಷ್ಟೋ ಸಲ ಪಾಸಾಗಿಬಿಡುತ್ತದೆ. 1120 ಜನರಿದ್ದರೆ 369ರ ಹತ್ತಿರ ಹೋಗುತ್ತದೆ. ತಪ್ಪು ಮಾತ್ರ ಮೂರರಲ್ಲೂ ಅಷ್ಟೇ. ಅಂದರೆ ದೊಡ್ಡ ಸ್ಯಾಂಪಲ್ ತಪ್ಪನ್ನು ಹುಟ್ಟಿಸುವುದಿಲ್ಲ, ಇರುವುದನ್ನು ಕಾಣಿಸುತ್ತದೆ. ಆ ತಪ್ಪು ನಮ್ಮ ಕೆಲಸಕ್ಕೆ ಅಡ್ಡ ಬರುವಷ್ಟಿದೆಯಾ ಅನ್ನುವುದು ಬೇರೆ ಪ್ರಶ್ನೆ. ಅದಕ್ಕೇ ಉಳಿದ ಇಂಡೆಕ್ಸ್‌ಗಳು ಬಂದದ್ದು.

ಆರ್‌ಎಂಎಸ್‌ಇಎ ಆ 82 ಅನ್ನು ತೆಗೆದುಕೊಂಡು ಜನರ ಸಂಖ್ಯೆಯಿಂದಲೂ ಡಿಎಫ್‌ನಿಂದಲೂ ಭಾಗಿಸುತ್ತದೆ, ಆಮೇಲೆ ವರ್ಗಮೂಲ. ಸಿಎಫ್‌ಐ ಬೇರೆ ದಾರಿ ಹಿಡಿಯುತ್ತದೆ. ಅದು ಒಂದು ಅತಿ ಕೆಟ್ಟ ಮಾದರಿಯನ್ನು ಎದುರಿಗಿಡುತ್ತದೆ. ಯಾವ ಪ್ರಶ್ನೆಗೂ ಇನ್ನೊಂದರ ಜೊತೆ ಸಂಬಂಧವೇ ಇಲ್ಲ ಅನ್ನುವ ಮಾದರಿ ಅದು. ನಿಮ್ಮ ಡೇಟಾದಲ್ಲಿ ಅದರ ಕೈ-ಸ್ಕ್ವೇರ್ 966, ಡಿಎಫ್ 55. ಅದರ ಹೆಚ್ಚುವರಿ 911. ನಿಮ್ಮದು 82.

```
RMSEA = sqrt( (123 - 41) / (41 * 280) )   = 0.085
CFI   = 1 - (123 - 41) / (966 - 55)       = 0.910
```

ಹೀಗೆ ನೋಡಿದರೆ 0.91 ಅಂದರೆ ಅತಿ ಕೆಟ್ಟ ಮಾದರಿಯ ತಪ್ಪಿನಲ್ಲಿ ನೀವು 91 ಶೇಕಡಾ ಕಡಿಮೆ ಮಾಡಿದ್ದೀರಿ ಅಂತ. ಅತಿ ಕೆಟ್ಟದ್ದಕ್ಕೆ ಹೋಲಿಸಿದ್ದು, ಸರಿಯಾದದ್ದಕ್ಕೆ ಅಲ್ಲ. ಟಿಎಲ್‌ಐ ಇದೇ ಜಾತಿಯದು, ಸುಮ್ನೆ ಬಾಣ ತುಂಬಿಸಿದರೆ ದಂಡ ಹಾಕುತ್ತದೆ, ಅದಕ್ಕೇ ನಿಮ್ಮಲ್ಲಿ ಸ್ವಲ್ಪ ಕೆಳಗಿದೆ. ಎಸ್‌ಆರ್‌ಎಂಆರ್ ನನಗೆ ಇಷ್ಟ, ಯಾಕೆಂದರೆ ಅದಕ್ಕೆ ಅರ್ಥ ಇದೆ. ಮಾದರಿಯ ಕೋರಿಲೇಶನ್‌ಗೂ ಡೇಟಾದ ಕೋರಿಲೇಶನ್‌ಗೂ ಹೆಚ್ಚುಕಡಿಮೆ ಸರಾಸರಿ 0.055ರಷ್ಟು ವ್ಯತ್ಯಾಸ ಇದೆ ಅಂತ ಅದು ಹೇಳುತ್ತಿದೆ.

ನಿಮ್ಮ ಗೈಡ್ ಹೇಳುವ 0.95 ಎಲ್ಲಿಂದ ಬಂತು? 1999ರಲ್ಲಿ ಹು ಮತ್ತು ಬೆಂಟ್ಲರ್ ಮಾಡಿದ ಸಿಮ್ಯುಲೇಶನ್‌ನಿಂದ. ಸಿಎಫ್‌ಐ 0.95ರ ಹತ್ತಿರ, ಆರ್‌ಎಂಎಸ್‌ಇಎ 0.06ರ ಹತ್ತಿರ, ಎಸ್‌ಆರ್‌ಎಂಆರ್ 0.08ರ ಹತ್ತಿರ ಅಂತ ಅವರು ಸೂಚಿಸಿದರು. ಅವರು ಪರೀಕ್ಷಿಸಿದ್ದು ಮೂರು ಫ್ಯಾಕ್ಟರ್‌ಗಳ, 0.7ರಿಂದ 0.8ರ ಲೋಡಿಂಗ್‌ಗಳ ಮಾದರಿಗಳನ್ನು. ಲೋಡಿಂಗ್ ಬದಲಾದರೆ ಗಡಿಯೂ ಜರುಗುತ್ತದೆ, ಅದೂ ನಾವು ಎಣಿಸುವ ದಿಕ್ಕಿಗೆ ಉಲ್ಟಾ. ನಿಮ್ಮ ಪ್ರಶ್ನೆಗಳೆಲ್ಲ ಕಳಪೆಯಾಗಿ, ಲೋಡಿಂಗ್ 0.4 ಇತ್ತು ಅಂದುಕೊಳ್ಳಿ. ಆಗ ಕೋರಿಲೇಶನ್‌ಗಳೆಲ್ಲ 0.16ರ ಸುತ್ತಮುತ್ತ. ಎಲ್ಲವೂ ಸೊನ್ನೆಯ ಹತ್ತಿರವೇ ಇದ್ದರೆ ದೊಡ್ಡ ವ್ಯತ್ಯಾಸ ಬರುವುದಾದರೂ ಎಲ್ಲಿಂದ? ಆರ್‌ಎಂಎಸ್‌ಇಎ, ಎಸ್‌ಆರ್‌ಎಂಆರ್ ಎರಡೂ ಚೆನ್ನಾಗಿ ಕಾಣುತ್ತವೆ. ಕೆಟ್ಟ ಅಳತೆಗೆ ಒಳ್ಳೆಯ ಫಿಟ್! ಹಾಗಾಗಿ ಫಿಟ್ ನೋಡುವ ಮೊದಲು ಲೋಡಿಂಗ್ ನೋಡಿ. ನಿಮ್ಮವು 0.58ರಿಂದ 0.79ರವರೆಗೆ ಇವೆ, ತೊಂದರೆ ಇಲ್ಲ.

ಈಗ ತಪ್ಪು ಎಲ್ಲಿದೆ ಅಂತ ಹುಡುಕೋಣ. ನಾನು R ನ `lavaan` ಪ್ಯಾಕೇಜ್‌ನಲ್ಲಿ, ಮೊದಲು `library(lavaan)` ಕೊಟ್ಟು, ಓಡಿಸಿದ್ದು ಇದನ್ನು. ಟೇಬಲ್‌ನಿಂದ ಓಡಿಸುವಾಗ ಡೇಟಾದ ಜಾಗದಲ್ಲಿ ಟೇಬಲ್ ಕೊಟ್ಟೆ. ನಿಮ್ಮ ಹತ್ತಿರ ಪೂರ್ತಿ ಡೇಟಾ ಇದೆಯಲ್ಲ, ಹೀಗೇ ಹಾಕಿ.

```r
m1 <- '
  ottada   =~ o1 + o2 + o3 + o4
  balalike =~ b1 + b2 + b3 + b4
  biduva   =~ k1 + k2 + k3
'
f1 <- cfa(m1, data = d)
summary(f1, fit.measures = TRUE, standardized = TRUE)
residuals(f1, type = "cor")
modindices(f1, sort = TRUE, maximum.number = 10)
```

ಹೆಚ್ಚಿನವರು ಕೊನೆಯ ಸಾಲಿಗೆ ನೇರ ಹಾರುತ್ತಾರೆ. ನೀವು ಅದರ ಹಿಂದಿನ ಸಾಲಿನಲ್ಲಿ ನಿಲ್ಲಿ. ಅಲ್ಲಿ ಪ್ರತಿ ಜೋಡಿ ಪ್ರಶ್ನೆಗೂ ಡೇಟಾಕ್ಕೂ ಮಾದರಿಗೂ ಇರುವ ವ್ಯತ್ಯಾಸ ಸಿಗುತ್ತದೆ. ನಿಮ್ಮ `b3`, `b4` ಜೋಡಿಯನ್ನು ನೋಡಿ. ಲೋಡಿಂಗ್ 0.78 ಮತ್ತು 0.79. ಗುಣಿಸಿದರೆ 0.62. ಡೇಟಾದಲ್ಲಿ 0.74. ವ್ಯತ್ಯಾಸ 0.12. ಸರಾಸರಿ 0.055 ಅನ್ನುವ ಎಸ್‌ಆರ್‌ಎಂಆರ್ ಒಳಗೆ ಇದು ಅಡಗಿ ಕೂತಿತ್ತು. ಬಳಲಿಕೆಯ ಉಳಿದ ಜೋಡಿಗಳಲ್ಲಿ ಹಲವು ಚಿಕ್ಕ ಮೈನಸ್ ತೋರಿಸುತ್ತವೆ. ಅದೂ ಇದರದ್ದೇ ನೆರಳು.

ಈಗ ಪ್ರಶ್ನಾವಳಿ ತೆಗೆಯಿರಿ. `b3`: ‘ಕೆಲಸ ಮುಗಿಸಿ ಹೊರಡುವಾಗ ಮೈಯಲ್ಲಿ ಶಕ್ತಿಯೇ ಇರುವುದಿಲ್ಲ.’ `b4`: ‘ದಿನದ ಕೊನೆಗೆ ಪೂರ್ತಿ ಸುಸ್ತಾಗಿರುತ್ತೇನೆ.’ ಒಂದೇ ಪ್ರಶ್ನೆ, ಎರಡು ಸಲ ಕೇಳಿದ್ದೀರಿ, ಅಲ್ವಾ? `b1` ಮತ್ತು `b2` ಮಾತಾಡುವುದು ಕೆಲಸದಲ್ಲಿ ಮನಸ್ಸು ನಿಲ್ಲದಿರುವುದು, ಮೊದಲಿದ್ದ ಉತ್ಸಾಹ ಇಲ್ಲದಿರುವುದು ಇವುಗಳ ಬಗ್ಗೆ. ಮೊದಲ ಮಾದರಿಗೆ ಇದು ಗೊತ್ತಿಲ್ಲ. ಅದು `b3`, `b4` ಎರಡರ ಗಟ್ಟಿ ಸಂಬಂಧ ಕಂಡು ಬಳಲಿಕೆ ಅಂದರೆ ಇದೇ ಇರಬೇಕು ಅಂದುಕೊಂಡು ಆ ಕಡೆಗೆ ವಾಲಿತು. ಲೇಟೆಂಟ್ ವೇರಿಯಬಲ್‌ನ ಹೆಸರು ಬಳಲಿಕೆ ಅಂತಲೇ ಉಳಿಯಿತು. ಒಳಗಿದ್ದದ್ದು ಮಾತ್ರ ಸಂಜೆಯ ಸುಸ್ತು.

ಮಾಡಿಫಿಕೇಶನ್ ಇಂಡೆಕ್ಸ್ ಪಟ್ಟಿಯಲ್ಲಿ ಈ ಜೋಡಿ 48ರೊಂದಿಗೆ ಮೊದಲಿದೆ. ಈ ಜೋಡಿಯ ಎರರ್‌ಗಳಿಗೆ ಸಂಬಂಧ ಇರಲು ಬಿಟ್ಟರೆ ಕೈ-ಸ್ಕ್ವೇರ್ ಹೆಚ್ಚುಕಡಿಮೆ 48 ಇಳಿಯುತ್ತದೆ ಅಂತ ಅರ್ಥ. ಮಾದರಿಗೆ `b3 ~~ b4` ಅಂತ ಒಂದು ಸಾಲು ಸೇರಿಸಿದೆ. ಇವೆರಡರ ಎರರ್‌ಗಳಿಗೆ ತಮ್ಮದೇ ಸಂಬಂಧ ಇರಲಿ ಅಂತ. ಕೈ-ಸ್ಕ್ವೇರ್ 73ಕ್ಕೆ ಬಂತು, ಡಿಎಫ್ 40. ಈಗ ಹೆಚ್ಚುವರಿ 33 ಮಾತ್ರ. ಸಿಎಫ್‌ಐ 0.964, ಟಿಎಲ್‌ಐ 0.95, ಆರ್‌ಎಂಎಸ್‌ಇಎ 0.054. ಪಿ ಇನ್ನೂ 0.001ರ ಆಸುಪಾಸಿನಲ್ಲೇ ಇದೆ. ಅದನ್ನು ಮುಚ್ಚಿಡಬೇಡಿ, ಹಾಗೇ ಬರೆಯಿರಿ.

ಆದರೆ ನಾನು ಖುಷಿಪಟ್ಟದ್ದು 0.964 ನೋಡಿ ಅಲ್ಲ. `b3`, `b4`ರ ಲೋಡಿಂಗ್ 0.68 ಮತ್ತು 0.69ಕ್ಕೆ ಇಳಿಯಿತು, `b1`, `b2`ರದು ಮೇಲೇರಿತು. ಒತ್ತಡದಿಂದ ಬಳಲಿಕೆಗೆ ಹೋಗುವ ಬಾಣ 0.52 ಇದ್ದದ್ದು 0.58 ಆಯಿತು. ಬಳಲಿಕೆ ಮತ್ತೆ ಬಳಲಿಕೆಯಾಯಿತು. ತಿದ್ದುಪಡಿ ಮಾಡುವುದು ಇದಕ್ಕಾಗಿ.

ಇನ್ನೊಂದು ದಾರಿಯೂ ಇದೆ. `b3`, `b4`ರಲ್ಲಿ ಒಂದನ್ನು ತೆಗೆದೇಬಿಡುವುದು. ಒಂದೇ ಪ್ರಶ್ನೆಯನ್ನು ಎರಡು ಸಲ ಇಟ್ಟುಕೊಳ್ಳುವುದರಿಂದ ಲಾಭ ಇಲ್ಲ, ಹಾಗಾಗಿ ಹೊಸ ಅಳತೆಯಾದರೆ ನಾನು ತೆಗೆಯುತ್ತಿದ್ದೆ. ಬೇರೆಯವರು ಸಿದ್ಧಪಡಿಸಿ, ಪರೀಕ್ಷಿಸಿದ ಅಳತೆಯಾದರೆ ಪ್ರಶ್ನೆ ಉಳಿಸಿ, ಎರರ್‌ಗಳಿಗೆ ಸಂಬಂಧ ಇರಲು ಬಿಡುವುದು ವಾಸಿ. ತೆಗೆದರೆ ಒಂದು ಮಾತು ನೆನಪಿರಲಿ. ಡೇಟಾದ ಟೇಬಲ್ಲೇ ಬದಲಾಯಿತು, 66 ಹೋಗಿ 55 ಆಯಿತು. ಹಳೆಯ ಕೈ-ಸ್ಕ್ವೇರ್‌ನಿಂದ ಹೊಸದನ್ನು ಕಳೆದು ‘ಇಷ್ಟು ಸುಧಾರಿಸಿತು’ ಅಂತ ಬರೆಯುವ ಹಾಗಿಲ್ಲ.

ಪಟ್ಟಿಯ ಉಳಿದ ಸಾಲುಗಳ ಕಥೆ ಏನು? ನಿಮ್ಮ ಮಾದರಿಯಲ್ಲಿ ಸೇರಿಸಬಹುದಾದ ಎರರ್ ಜೋಡಿಗಳು 55. ಪ್ರತಿ ಪ್ರಶ್ನೆಯನ್ನೂ ಬೇರೆ ಎರಡು ಲೇಟೆಂಟ್‌ಗಳಿಗೆ ಕಟ್ಟಬಹುದು, ಅದು 22. ಒಟ್ಟು 77 ಅಭ್ಯರ್ಥಿಗಳು. ಮಾದರಿ ಪೂರ್ತಿ ಸರಿ ಇದ್ದರೂ ಇವುಗಳಲ್ಲಿ ಸುಮಾರು ನಾಲ್ಕು ಬರೀ ಅದೃಷ್ಟದಿಂದ, ಒಂದು ಡಿಎಫ್‌ಗೆ 5 ಶೇಕಡಾ ಮಟ್ಟದ ಗಡಿಯಾದ 3.84 ಅನ್ನು ದಾಟುತ್ತವೆ. ಅಂಥವನ್ನು ಸೇರಿಸಿದರೆ ಫಿಟ್ ಏರುತ್ತದೆ, ನಿಜ. ಆದರೆ ಅದು ಈ 280 ಜನರಿಗೆ ಅಳತೆ ಕೊಟ್ಟು ಹೊಲಿಸಿದ ಬಟ್ಟೆ. ಬೇರೆ 280 ಜನರಿಗೆ ಹೊಂದುವುದಿಲ್ಲ. ಇನ್ನೊಂದು ಸಂಗತಿ: ಪ್ರತಿ ಸಾಲಿನ ಲೆಕ್ಕವೂ ಉಳಿದದ್ದೆಲ್ಲ ಇದ್ದ ಹಾಗೇ ಇದ್ದರೆ ಎಂಬ ಷರತ್ತಿನ ಮೇಲೆ ನಿಂತಿದೆ. ನಿಮ್ಮ ಪಟ್ಟಿಯಲ್ಲಿ ಎರಡನೆಯದಾಗಿದ್ದ `o2`ರಿಂದ ಬಳಲಿಕೆಗೆ ಹೋಗುವ ಸಾಲು 14 ಇತ್ತು. `b3 ~~ b4` ಸೇರಿಸಿದ ಮೇಲೆ ಅದು 6ಕ್ಕೆ ಇಳಿಯಿತು. ಎಲ್ಲವನ್ನೂ ಒಟ್ಟಿಗೆ ಸೇರಿಸಿದ್ದರೆ ಇಲ್ಲದ ಸಂಬಂಧವೊಂದು ನಿಮ್ಮ ಚಿತ್ರದಲ್ಲಿ ಸೇರಿಬಿಡುತ್ತಿತ್ತು. ಮೂರನೆಯದು `k1`, `o4`ರ ಎರರ್. ನಾನು ಎರಡೂ ಪ್ರಶ್ನೆಗಳನ್ನು ನಾಲ್ಕು ಸಲ ಓದಿದೆ. ಯಾವ ಕಾರಣವೂ ಹೊಳೆಯಲಿಲ್ಲ. ಬಿಡಿ ಅದನ್ನು.

ಇದನ್ನು ಇಷ್ಟು ಒತ್ತಿ ಹೇಳಲು ನನ್ನದೇ ಕಥೆ ಕಾರಣ. ನನ್ನ ಥೀಸಿಸ್‌ನಲ್ಲಿ ನಾನು ಒಂಬತ್ತು ಎರರ್ ಜೋಡಿ ಸೇರಿಸಿದ್ದೆ. ಸಿಎಫ್‌ಐ 0.95 ದಾಟಿದ ರಾತ್ರಿ ನೆಮ್ಮದಿಯಾಗಿ ಮಲಗಿದೆ. ವೈವಾದಲ್ಲಿ ಹೊರಗಿನಿಂದ ಬಂದ ಪರೀಕ್ಷಕರು ಚಿತ್ರದಲ್ಲಿದ್ದ ಒಂದು ಬಾಗಿದ ಗೆರೆಯ ಮೇಲೆ ಪೆನ್ನಿಟ್ಟು, ‘ಇವೆರಡಕ್ಕೆ ಏನು ಸಂಬಂಧ?’ ಅಂತ ಕೇಳಿದರು. ಸಾಫ್ಟ್‌ವೇರ್ ಹೇಳಿತು ಅನ್ನುವುದನ್ನು ಬಿಟ್ಟು ನನ್ನ ಹತ್ತಿರ ಬೇರೆ ಉತ್ತರ ಇರಲಿಲ್ಲ. ಅವರು ಎರಡನೇ ಗೆರೆಗೆ ಹೋಗಲಿಲ್ಲ, ಅದು ಅವರ ಒಳ್ಳೆಯತನ.

ಅಳತೆಯ ಭಾಗ ಮುಗಿಯಿತು. ಈಗ ಬಾಣಗಳನ್ನು ಮರಳಿ ಹಾಕಿ. ಮೇಲಿನ ಮಾದರಿಯ ಕೆಳಗೆ ಈ ಎರಡು ಸಾಲು ಬರೆದು, `cfa` ಬದಲು `sem` ಅಂತ ಹಾಕಿದರೆ ಸಾಕು.

```r
balalike ~ ottada
biduva   ~ balalike + ottada
```

ಕೈ-ಸ್ಕ್ವೇರ್ ಅದೇ 73, ಡಿಎಫ್ 40. ಒತ್ತಡದಿಂದ ಬಳಲಿಕೆಗೆ 0.58, ಬಳಲಿಕೆಯಿಂದ ಬಿಡುವ ಮನಸ್ಸಿಗೆ 0.55, ಒತ್ತಡದಿಂದ ನೇರವಾಗಿ 0.10. ಬಳಲಿಕೆಯ ಮೂಲಕ ಹೋಗುವ ಪರಿಣಾಮ 0.58 ಗುಣಿಸು 0.55, ಅಂದರೆ 0.32. ಇದರ ಕಾನ್ಫಿಡೆನ್ಸ್ ಇಂಟರ್ವಲ್‌ಗೆ ಬೂಟ್‌ಸ್ಟ್ರ್ಯಾಪ್ ಮಾಡಿ. ಅದಕ್ಕೆ ಪೂರ್ತಿ ಡೇಟಾ ಬೇಕು, ನನ್ನ ಹತ್ತಿರ ಇರುವ ಟೇಬಲ್‌ನಿಂದ ಆಗುವುದಿಲ್ಲ.

ಥಿಯರಿಗೆ ನಿಜವಾದ ಪರೀಕ್ಷೆ ಇಡಬೇಕಾದರೆ ಮಾದರಿ ಸೋಲುವ ಹಾಗೆ ಏನಾದರೂ ಹೇಳಬೇಕು. ನಿಮ್ಮ ವಾದ ಏನು? ಒತ್ತಡ ಕೆಲಸ ಬಿಡಿಸುವುದು ಬಳಲಿಕೆಯ ಮೂಲಕ. ಹಾಗಾದರೆ ನೇರ ಬಾಣ ತೆಗೆದುಹಾಕಿ. ನಾನು ತೆಗೆದೆ. ಕೈ-ಸ್ಕ್ವೇರ್ 75, ಡಿಎಫ್ 41. ಒಂದು ಡಿಎಫ್‌ಗೆ 2 ಏರಿತು, ಗಡಿ 3.84. ಅಂದರೆ ನೇರ ಬಾಣ ಇಲ್ಲದೆಯೂ ಡೇಟಾ ನಿಲ್ಲುತ್ತದೆ. ನಿಮ್ಮ ಥಿಯರಿಯ ಪರವಾಗಿ ಫಿಟ್ ಹೇಳಿದ ಮಾತು ಇದೊಂದೇ. ಗಮನಿಸಿ, 41 ಡಿಎಫ್‌ನಲ್ಲಿ ಥಿಯರಿಯ ಪಾಲು ಒಂದು. ಒಂದು ವೇಳೆ ಈ ಬಾಣ ತೆಗೆದದ್ದು ತಪ್ಪಾಗಿದ್ದು ಕೈ-ಸ್ಕ್ವೇರ್ 15 ಏರಿದ್ದರೂ ಸಿಎಫ್‌ಐ 0.95ರ ಹತ್ತಿರವೇ ಇರುತ್ತಿತ್ತು. ಬೇಕಾದರೆ ಮೇಲಿನ ಸೂತ್ರದಲ್ಲಿ 88 ಹಾಕಿ ನೋಡಿ. ಅದಕ್ಕೇ ಎರಡು ಹಂತ ಬೇಕಾಗುವುದು. ಮೊದಲು ಅಳತೆಯ ಫಿಟ್, ಆಮೇಲೆ ಬಾಣ ತೆಗೆದಾಗ ಆಗುವ ವ್ಯತ್ಯಾಸ ಮಾತ್ರ ಪ್ರತ್ಯೇಕವಾಗಿ.

ಇನ್ನೂ ಒಂದು ಕೆಲಸ ಮಾಡಿದೆ. ಸರಪಳಿಯನ್ನು ಪೂರ್ತಿ ತಿರುಗಿಸಿದೆ. ಕೆಲಸ ಬಿಡುವ ಮನಸ್ಸಿನಿಂದ ಬಳಲಿಕೆ, ಬಳಲಿಕೆಯಿಂದ ಒತ್ತಡ. ಕೈ-ಸ್ಕ್ವೇರ್ 75, ಡಿಎಫ್ 41. ಬಳಲಿಕೆಯೇ ಮೂಲ, ಅದರಿಂದ ಉಳಿದೆರಡೂ ಅಂತ ಹಾಕಿದೆ. ಮತ್ತೆ 75, 41. ದಶಮಾಂಶದ ಕೊನೆಯ ಅಂಕಿಯವರೆಗೂ ಒಂದೇ. ಇದು ನಿಮ್ಮ ಡೇಟಾದ ಕಾಕತಾಳೀಯ ಅಲ್ಲ, ಬೀಜಗಣಿತ. ಈ ಮೂರೂ ಮಾದರಿಗಳು ಹೇಳುವುದು ಒಂದೇ ಮಾತು: ಒತ್ತಡಕ್ಕೂ ಬಿಡುವ ಮನಸ್ಸಿಗೂ ಇರುವ ಸಂಬಂಧ ಬಳಲಿಕೆಯ ಮೂಲಕ ಹಾದುಹೋಗುತ್ತದೆ. ಯಾವ ಕಡೆಯಿಂದ ಯಾವ ಕಡೆಗೆ ಅನ್ನುವುದು ಒಂದೇ ಸಲ ತುಂಬಿಸಿದ ಪ್ರಶ್ನಾವಳಿಯ ಫಿಟ್‌ನಿಂದ ಸಿಗುವುದಿಲ್ಲ. ಬಿಡಬೇಕು ಅಂತ ತೀರ್ಮಾನಿಸಿದವರಿಗೆ ದಿನದ ಕೆಲಸವೇ ಭಾರವಾಗಿ ಕಾಣುವುದೂ ಉಂಟಲ್ಲ. ಬಾಣದ ದಿಕ್ಕಿಗೆ ವಾದ ಬೇಕಿದ್ದರೆ ಹಿಂದಿನ ಅಧ್ಯಯನಗಳಿಂದ, ಕಾಲದ ಅನುಕ್ರಮದಿಂದ, ಎರಡು ಮೂರು ಸಲ ಅಳೆಯುವುದರಿಂದ ತರಬೇಕು. ಥೀಸಿಸ್‌ನಲ್ಲಿ ‘ಮಾದರಿ ಸಾಬೀತಾಗಿದೆ’ ಅನ್ನಬೇಡಿ. ‘ನೇರ ಬಾಣ ತೆಗೆದರೂ ಫಿಟ್ ಗಮನಾರ್ಹವಾಗಿ ಕೆಡಲಿಲ್ಲ, ದಿಕ್ಕು ಬದಲಿಸಿದ ಮಾದರಿಗಳಿಗೂ ಇಷ್ಟೇ ಫಿಟ್ ಇದೆ’ ಅಂತ ಬರೆಯಿರಿ.

ತಿದ್ದುಪಡಿಯ ಬಗ್ಗೆ ಬರೆಯುವ ಪ್ಯಾರಾ ಹೀಗಿರಲಿ: ‘ಮೊದಲ ಅಳತೆ ಮಾದರಿಯ ಫಿಟ್ ಸಾಲದಾಗಿತ್ತು. ಮೂರನೇ ಮತ್ತು ನಾಲ್ಕನೇ ಬಳಲಿಕೆ ಪ್ರಶ್ನೆಗಳ ನಡುವೆ 0.12ರ ಉಳಿಕೆ ಕಂಡಿತು. ಎರಡೂ ದಿನದ ಕೊನೆಯ ಸುಸ್ತನ್ನೇ ಕೇಳುವುದರಿಂದ ಅವುಗಳ ಎರರ್‌ಗಳಿಗೆ ಸಂಬಂಧ ಇರಲು ಬಿಡಲಾಯಿತು. ಇದು ಡೇಟಾ ನೋಡಿದ ಮೇಲೆ ಮಾಡಿದ ಬದಲಾವಣೆ.’ ಎರಡೂ ಮಾದರಿಗಳ ಎಲ್ಲ ನಂಬರುಗಳನ್ನೂ ಒಂದೇ ಟೇಬಲ್‌ನಲ್ಲಿ ಕೊಡಿ. 0.91 ಅನ್ನು ಅಳಿಸಬೇಡಿ. ಗೈಡ್‌ಗೆ ಕೊನೆಯ ವಾಕ್ಯ ಇಷ್ಟವಾಗದೆ ಇರಬಹುದು. ಆದರೂ ಉಳಿಸಿಕೊಳ್ಳಿ.

ಒಂದು ವಿಷಯ ಟೇಬಲ್‌ನಿಂದ ನನಗೆ ಕಾಣುವುದಿಲ್ಲ, ನೀವೇ ನೋಡಬೇಕು. ನಿಮ್ಮ ಉತ್ತರಗಳು 1ರಿಂದ 5ರ ಸ್ಕೇಲ್. `k1`, `k2`, `k3`ಕ್ಕೆ ಹೆಚ್ಚಿನವರು 1 ಅಥವಾ 2 ಹಾಕಿ, ಕೆಲವರು ಮಾತ್ರ ಮೇಲೆ ಹೋಗಿದ್ದರೆ ಹಂಚಿಕೆ ಒಂದು ಕಡೆ ವಾಲಿರುತ್ತದೆ. ಆಗ ಸಾಧಾರಣ ಲೆಕ್ಕದ ಕೈ-ಸ್ಕ್ವೇರ್ ಬೇಕಾದ್ದಕ್ಕಿಂತ ದೊಡ್ಡದಾಗಿ ಬರುತ್ತದೆ. `estimator = "MLR"` ಹಾಕಿ ಮತ್ತೆ ಓಡಿಸಿ, ಔಟ್‌ಪುಟ್‌ನಲ್ಲಿ ರೋಬಸ್ಟ್ ಅಂತ ಇರುವ ಸಿಎಫ್‌ಐ, ಆರ್‌ಎಂಎಸ್‌ಇಎ ತೆಗೆದುಕೊಳ್ಳಿ. ಆಗ ನೇರ ಬಾಣದ ಪರೀಕ್ಷೆಗೆ ಎರಡು ಕೈ-ಸ್ಕ್ವೇರ್‌ಗಳನ್ನು ಸುಮ್ನೆ ಕಳೆಯುವ ಹಾಗಿಲ್ಲ, `lavTestLRT(f2, f3)` ಅಂತ ಕೊಡಿ. `f2` ನೇರ ಬಾಣ ಇರುವ ಮಾದರಿ, `f3` ಇಲ್ಲದ್ದು. ಓಡಿಸುವಾಗ `some estimated ov variances are negative` ಅಂತ ಎಚ್ಚರಿಕೆ ಬಂದರೆ ಅಲ್ಲೇ ನಿಲ್ಲಿ. ಯಾವುದೋ ಪ್ರಶ್ನೆಯ ಎರರ್ ಸೊನ್ನೆಗಿಂತ ಕೆಳಗೆ ಹೋಗಿದೆ ಅಂತ ಅದರ ಅರ್ಥ. ಅದು ಸರಿಯಾಗುವವರೆಗೆ ಫಿಟ್ ಎಷ್ಟು ಬಂದಿದೆ ಅಂತ ನೋಡುವುದೇ ಬೇಡ.